ರುಜು ಹಾಕಿ ಆಸ್ಪತ್ರೆ ಬಿಟ್ಟವರ ವಿಮೆ ಏನಾಗುತ್ತದೆ?

ನಮ್ಮ ಓಬಳಾಪುರ ಆಂಧ್ರ ಪ್ರದೇಶಕ್ಕೆ ಸೇರಿದ ಊರು. ಆದರೆ ಕಾಯಿಲೆ ಬಿದ್ದರೆ ಗಡಿ ದಾಟಿ ಬಳ್ಳಾರಿಗೆ ಹೋಗುವುದೇ ನಮಗೆ ರೂಢಿ. ಕಾಸರಗೋಡಿನ ಕನ್ನಡಿಗರು ಮಂಗಳೂರಿಗೆ ಹೋಗುವಂತೆಯೇ ಇದು. ಆ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ತಲಪಾಡಿಯ ಗಡಿ ಬಂದ್ ಆದಾಗ ನೀವೇ ಕಂಡಿದ್ದೀರಿ. ಇಂದು ನಾನು ಹೇಳಹೊರಟಿರುವುದು ಆಸ್ಪತ್ರೆಗೆ ಸೇರುವ ವಿಚಾರವನ್ನಲ್ಲ; ವೈದ್ಯರು ಬೇಡವೆಂದರೂ ರೋಗಿಯನ್ನು ಬಿಡಿಸಿಕೊಂಡು ಬರುವಾಗ ನಾವು ರುಜು ಹಾಕುವ ಒಂದು ಕಾಗದದ ವಿಚಾರವನ್ನು.

ಆಸ್ಪತ್ರೆಯವರ ಮಾತಿನಲ್ಲಿ ಇದಕ್ಕೆ 'ಲಾಮಾ' ಅಥವಾ 'ಡಾಮಾ' ಎಂದು ಹೆಸರು. ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಡುತ್ತಿದ್ದೇವೆ, ಮುಂದಾಗುವುದಕ್ಕೆ ನಾವೇ ಹೊಣೆ ಎಂದು ಬರೆದುಕೊಡುವುದೇ ಅದರ ಅರ್ಥ. ಹೀಗೆ ರುಜು ಹಾಕಿದರೆ ವಿಮೆಯ ಹಣ ಹೋಯಿತೆಂದೇ ತಿಳಿಯಬೇಕು ಎಂಬ ಮಾತು ಎಲ್ಲೆಡೆ ಹಬ್ಬಿದೆ. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಒಂದು ಶುಕ್ರವಾರ ರಾತ್ರಿ ಎದೆನೋವು ಬಂತು. ಒಂಬತ್ತು ಗಂಟೆಗೆ ಗಡಿಯಾಚೆಯ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಇ.ಸಿ.ಜಿ. ತೆಗೆದು, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಟ್ಟು, ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಸೋಮವಾರ ಆಂಜಿಯೋಗ್ರಾಂ ಮಾಡೋಣ, ಅಲ್ಲಿಯವರೆಗೆ ಅಲುಗಾಡಿಸಬೇಡಿ ಎಂದು ವೈದ್ಯರು ಹೇಳಿದರು. ಮನೆಯವರ ಯೋಚನೆ ಬೇರೆಯಾಗಿತ್ತು. ಬೆಂಗಳೂರಿನಲ್ಲಿ ನೆಂಟರಿದ್ದರು; ಜಯದೇವ ಹೃದ್ರೋಗ ಸಂಸ್ಥೆಗೇ ಕರೆದೊಯ್ಯೋಣವೆಂದು ನಿಶ್ಚಯಿಸಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವೊಂದನ್ನು ಮುಂದಿಟ್ಟಾಗ ರೋಗಿಯ ಭಾವಮೈದ ಓದದೆಯೇ ರುಜು ಹಾಕಿದರು.

ಕೂಡಲೇ ನಗದುರಹಿತ ಸೌಲಭ್ಯದ ಒಪ್ಪಿಗೆ ರದ್ದಾಯಿತು. ಬಿಲ್ಲಿನ 46,800 ರೂಪಾಯಿಯನ್ನು ಕೈಸಾಲ ಮಾಡಿ ಕಟ್ಟಿದರು. ಆಮೇಲೆ ಹಣ ಮರಳಿಸಿರೆಂದು ಅರ್ಜಿ ಹಾಕಿದರೆ, 'ರೋಗಿ ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟಿರುವುದರಿಂದ ಕ್ಲೇಮು ತಿರಸ್ಕೃತ' ಎಂಬ ಒಂದೇ ಸಾಲಿನ ಉತ್ತರ ಬಂತು.

ಆ ಒಂದು ಸಾಲು ಸಾಕೇ? ಸಾಲದು. ಆರೋಗ್ಯ ಪಾಲಿಸಿಗಳಲ್ಲಿ ಯಾವುದಕ್ಕೆ ಹಣವಿಲ್ಲ ಎಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ 18 ಸಮಾನ ಷರತ್ತುಗಳನ್ನು ಗೊತ್ತುಪಡಿಸಿತು. ಸಲಹೆ ಮೀರಿ ಹೊರಡುವುದು ಆ ಹದಿನೆಂಟರಲ್ಲಿ ಸೇರಿಲ್ಲ. ಕೆಲವು ಕಂಪೆನಿಗಳು ತಮ್ಮ ಪಾಲಿಸಿಯಲ್ಲಿ ಬೇರೆ ಷರತ್ತು ಸೇರಿಸಿರಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ಪಾಲಿಸಿಯ ಪುಸ್ತಕವನ್ನೇ. ಈ ಮನೆಯವರದು 'ಆರೋಗ್ಯ ಸಂಜೀವಿನಿ' ಎಂಬ ಸಮಾನ ಮಾದರಿಯ ಪಾಲಿಸಿ. ಅದರಲ್ಲಿ ಅಂಥ ಷರತ್ತು ಕಾಣಲಿಲ್ಲ.

ಹಾಗಾದರೆ ಕ್ಲೇಮು ನಿಜವಾಗಿ ಬೀಳುವುದು ಎಲ್ಲಿ? ಎರಡು ಕಡೆ.

ಮೊದಲನೆಯದು ಗಡಿಯಾರ. ಒಳರೋಗಿಯಾಗಿ ಎಡೆಬಿಡದೆ 24 ಗಂಟೆ ಇದ್ದರೆ ಮಾತ್ರ ಅದನ್ನು ಆಸ್ಪತ್ರೆವಾಸವೆಂದು ಪಾಲಿಸಿ ಒಪ್ಪುತ್ತದೆ. ಒಂದೇ ದಿನದಲ್ಲಿ ಮುಗಿಯುವ, ಪಾಲಿಸಿ ಮೊದಲೇ ಒಪ್ಪಿರುವ ಕೆಲವು ಚಿಕಿತ್ಸೆಗಳಿಗೆ ಮಾತ್ರ ಇದರಿಂದ ವಿನಾಯಿತಿ. ಸಂಜೆ ನಾಲ್ಕಕ್ಕೆ ಜ್ವರವೆಂದು ಸೇರಿ, ಮರುದಿನ ಹನ್ನೊಂದಕ್ಕೆ ರುಜು ಹಾಕಿ ಹೊರಟರೆ ಆದದ್ದು 19 ಗಂಟೆ. ಅಲ್ಲಿ ಹಣ ನಿಲ್ಲುವುದು ರುಜುವಿನಿಂದಲ್ಲ, ಉಳಿದ ಐದು ಗಂಟೆಯಿಂದ. ಮೇಲೆ ಹೇಳಿದ ರೋಗಿ ಇದ್ದದ್ದು 37 ಗಂಟೆ. ಅವರಿಗೆ ಈ ತೊಡಕಿರಲಿಲ್ಲ.

ಎರಡನೆಯದು ಚಿಕಿತ್ಸೆ. ಹದಿನೆಂಟು ಷರತ್ತುಗಳಲ್ಲಿ ನಾಲ್ಕನೆಯದು, ಕೇವಲ ಪರೀಕ್ಷೆ ಮತ್ತು ತಪಾಸಣೆಗಾಗಿ ಸೇರಿದರೆ ಹಣವಿಲ್ಲ ಎನ್ನುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಗಿದು ಚಿಕಿತ್ಸೆ ಶುರುವಾಗುವ ಮೊದಲೇ ಹೊರಟುಬಿಟ್ಟರೆ ಕಾಗದದಲ್ಲಿ ಉಳಿಯುವುದು ಬರೇ ಪರೀಕ್ಷೆಗಳೇ. ಆಗ ಕಂಪೆನಿಗೆ ಈ ಷರತ್ತು ಹಿಡಿಯಲು ಸುಲಭವಾಗುತ್ತದೆ. ಈ ರೋಗಿಗೆ ಇಂಜೆಕ್ಷನ್ ಕೊಟ್ಟದ್ದು, ನಿಗಾದಲ್ಲಿ ಇಟ್ಟದ್ದು ಕೇಸ್ ಶೀಟಿನಲ್ಲಿ ಗಂಟೆಗಂಟೆಗೂ ಬರೆದಿತ್ತು. ಅದೇ ಅವರ ಕೈಹಿಡಿದ ಸಾಕ್ಷ್ಯ.

ಕೇಸ್ ಶೀಟ್ ಕೊಡುವುದಿಲ್ಲವೆಂದು ಆಸ್ಪತ್ರೆಯವರು ಹೇಳುವಂತಿಲ್ಲ. ಬರೆದು ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಸಲಹೆ ಮೀರಿ ಹೊರಟವರಿಗೂ ಇದು ಅನ್ವಯಿಸುತ್ತದೆ. ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲು, ಹಣ ಕಟ್ಟಿದ ರಸೀತಿ, ಇವು ಮೂರನ್ನು ಹೊರಡುವ ದಿನವೇ ಕೇಳಿ ಪಡೆಯತಕ್ಕದ್ದು. ಆರೋಗ್ಯ ಸಂಜೀವಿನಿಯಲ್ಲಿ ಬಿಡುಗಡೆಯಾದ 30 ದಿನದೊಳಗೆ ಕಾಗದಪತ್ರ ಸಲ್ಲಿಸಬೇಕು.

ಇನ್ನು ಆ ಮುದ್ರಿತ ಕಾಗದ. ಅದರಲ್ಲಿ ಕಾರಣಕ್ಕೆಂದು ಬಿಟ್ಟ ಜಾಗವನ್ನು ನಮ್ಮವರು ಖಾಲಿ ಬಿಡುತ್ತಾರೆ, ಇಲ್ಲವೇ ಸಿಬ್ಬಂದಿ 'ಸ್ವಇಚ್ಛೆಯಿಂದ' ಎಂದು ಗೀಚುತ್ತಾರೆ. ಮುಂದೆ ಓದುವ ಕಂಪೆನಿಯವರಿಗೆ, ರೋಗಿಗೆ ಆಸ್ಪತ್ರೆಯೇ ಬೇಕಿರಲಿಲ್ಲವೆಂಬ ಅರ್ಥ ಅದರಿಂದ ಬರುತ್ತದೆ. ಬೇರೆ ಆಸ್ಪತ್ರೆಗೆ ಒಯ್ಯುವುದೇ ನಿಜವಾದ ಉದ್ದೇಶವಾದರೆ ಮೊದಲು ವೈದ್ಯರನ್ನು ರೆಫರಲ್ ಪತ್ರಕ್ಕೆ ಕೇಳಬೇಕು. ಅವರು ಒಪ್ಪಿದರೆ ಅದು 'ಲಾಮಾ' ಆಗುವುದೇ ಇಲ್ಲ. ಒಪ್ಪದಿದ್ದರೆ ರುಜುವಿನ ಮೇಲ್ಗಡೆ, ಯಾವ ಆಸ್ಪತ್ರೆಗೆ, ಏತಕ್ಕಾಗಿ ಒಯ್ಯುತ್ತಿದ್ದೇವೆ ಎಂದು ನಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದು, ಸಮಯ ಹಾಕಿ, ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಮಾನವ ಹಕ್ಕು ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆಯುವ ಹಕ್ಕೂ ಇದೆ. ಇಂಗ್ಲಿಷಾಗಲಿ, ತೆಲುಗಾಗಲಿ, ಮಲಯಾಳವಾಗಲಿ, ಅರ್ಥವಾಗದ ಕಾಗದವನ್ನು ಓದಿ ಹೇಳಿಸಿಕೊಳ್ಳುವುದರಲ್ಲಿ ಸಂಕೋಚವೇಕೆ?

ಮತ್ತೆ ಆ ಮನೆಯವರ ಕಥೆಗೆ ಬರೋಣ. 2024ರ ಮೇ 29ರ ಸುತ್ತೋಲೆಯಲ್ಲಿ ಪ್ರಾಧಿಕಾರವು, ಕಂಪೆನಿಯ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಂತೆ ಎಂದು ತಿಳಿಸಬೇಕು ಎಂದಿದೆ. ನಾವು ಬರೆದ ದೂರಿನಲ್ಲಿ ಕೇಳಿದ್ದು ಇಷ್ಟನ್ನೇ: ಷರತ್ತಿನ ಸಂಖ್ಯೆ ಯಾವುದು? ಜೊತೆಗೆ ಕೇಸ್ ಶೀಟನ್ನೂ, ಅದೇ ಭಾನುವಾರ ಬೆಂಗಳೂರಿನಲ್ಲಿ ಸೇರಿಸಿಕೊಂಡ ಚೀಟಿಯನ್ನೂ ಲಗತ್ತಿಸಿದೆವು. ಕಂಪೆನಿ ಕ್ಲೇಮನ್ನು ಮತ್ತೆ ತೆರೆಯಿತು. ಕೈಗವಸು ಮುಂತಾದ ಸಲ್ಲದ ಬಾಬ್ತು 2,800 ರೂಪಾಯಿ ಕಳೆಯಿತು. ಉಳಿದ 44,000ದಲ್ಲಿ ರೋಗಿಯ ಪಾಲಾದ ಶೇಕಡಾ 5ರಂತೆ 2,200 ಮುರಿದು, 41,800 ರೂಪಾಯಿ ಕೊಟ್ಟಿತು.

ಕಂಪೆನಿ ಮಣಿಯದಿದ್ದರೆ, ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಆಂಧ್ರದವರಿಗೆ ಕಚೇರಿ ಹೈದರಾಬಾದಿನಲ್ಲಿ, ಕೇರಳದವರಿಗೆ ಕೊಚ್ಚಿಯಲ್ಲಿ.

ಒಂದು ಮಾತನ್ನು ಮರೆಯಲಾಗದು. ಕ್ಲೇಮು ಸಿಕ್ಕೀತೆಂಬ ಧೈರ್ಯದಿಂದ ಎದೆನೋವಿನ ರೋಗಿಯನ್ನು ಎಬ್ಬಿಸಿಕೊಂಡು ಹೊರಡುವುದು ತರವಲ್ಲ. ಆ ಭಾನುವಾರ ದಾರಿಯಲ್ಲಿ ಏನೂ ಆಗದಿದ್ದುದು ಆ ಮನೆಯವರ ಪುಣ್ಯ. ವೈದ್ಯರು ಬೇಡವೆಂದದ್ದು ಹಣದ ಲೆಕ್ಕದಿಂದಲೋ ಪ್ರಾಣದ ಲೆಕ್ಕದಿಂದಲೋ ಎಂದು ಅವರನ್ನೇ ನೇರವಾಗಿ ಕೇಳಿ ತಿಳಿದ ಮೇಲೆಯೇ ಪೆನ್ನು ಕೈಗೆತ್ತಿಕೊಳ್ಳಬೇಕು.