‘ನೀಟ್ ಇಲ್ಲದೆ’ ಎಂಬ ಶೀರ್ಷಿಕೆ: ಎಷ್ಟು ಸರಿ, ಎಷ್ಟು ತಪ್ಪು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಸಂಜೆ ಯೂಟ್ಯೂಬಿನಲ್ಲಿ ಹುಡುಕಿದರೆ ಒಂದೇ ಬಗೆಯ ಶೀರ್ಷಿಕೆಗಳು ಸಾಲಾಗಿ ಕಾಣುತ್ತವೆ: ‘ನೀಟ್ ಇಲ್ಲದೆ ಮೆಡಿಕಲ್ ಕೋರ್ಸ್’. ಪಿಸಿಬಿ ಓದಿ, ನೀಟ್ ಕೈಹಿಡಿಯುವ ನಂಬಿಕೆಯಿಲ್ಲದೆ ಕೂತ ಮಕ್ಕಳು ಅದನ್ನು ಒತ್ತದೆ ಇರುವುದಿಲ್ಲ. ಶೀರ್ಷಿಕೆ ಹೀಗೆಯೇ ಇರಬೇಕೆಂದು ವಿಡಿಯೊ ಹಾಕುವವರು ವಾದಿಸುತ್ತಾರೆ. ಇದು ಮಕ್ಕಳ ದಾರಿ ತಪ್ಪಿಸುತ್ತದೆಂದು ಪಾಠ ಹೇಳುವವರು ಗೊಣಗುತ್ತಾರೆ. ಎರಡೂ ಕಡೆಗೆ ಅವರವರ ಕಾರಣಗಳಿವೆ.

ಹನ್ನೆರಡು ನಿಮಿಷದ ಒಂದು ವಿಡಿಯೊ ಇದೆ ಎಂದುಕೊಳ್ಳೋಣ. ಜೀವಶಾಸ್ತ್ರ ಕಲಿಸುವ ಉಪನ್ಯಾಸಕರೊಬ್ಬರು ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ್, ಯೋಗ-ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್, ಪಶುವೈದ್ಯಕೀಯದ ಬಿ.ವಿ.ಎಸ್ಸಿ., ಇಷ್ಟರ ಬಗ್ಗೆ ಮಾತಾಡಿದ್ದಾರೆ. ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್‌ಗೆ ನೀಟ್ ಬೇಕೇ ಬೇಕು ಎಂದೂ ಕೊನೆಯಲ್ಲಿ ಹೇಳಿದ್ದಾರೆ. ಮಾತೆಲ್ಲ ಸರಿಯಾಗಿಯೇ ಇದೆ. ಇನ್ನು ಉಳಿದದ್ದು ಅದಕ್ಕೆ ಶೀರ್ಷಿಕೆ, ವಿವರಣೆ, ಟ್ಯಾಗ್ ಬರೆಯುವ ಕೆಲಸ.

ಮೊದಲು ಜನಪ್ರಿಯ ಶೀರ್ಷಿಕೆಯ ಪರವಾದ ಮಾತು. ಬಿಎನ್‌ವೈಎಸ್ ಎಂದು ಹುಡುಕುವುದು ಅದರ ಹೆಸರು ಮೊದಲೇ ಗೊತ್ತಿರುವವರು ಮಾತ್ರ. ಈ ವಿಡಿಯೊ ನಿಜವಾಗಿ ತಲುಪಬೇಕಾದದ್ದು ಆ ಹೆಸರನ್ನೇ ಕೇಳದ ಹುಡುಗನಿಗೆ. ಅವನು ಬೆರಳಾಡಿಸುವುದು ಇಂಗ್ಲಿಷ್ ಅಕ್ಷರಗಳಲ್ಲಿ: after puc without neet ಎಂದೋ, puc nantara yenu ಎಂದೋ. ಶೀರ್ಷಿಕೆಯಲ್ಲಿ ಕೋರ್ಸುಗಳ ಅಧಿಕೃತ ಹೆಸರುಗಳನ್ನೇ ಪೇರಿಸಿದರೆ ನೂರು ಅಕ್ಷರಗಳ ಮಿತಿ ಬೇಗ ಮುಗಿಯುತ್ತದೆ, ಮೊಬೈಲಿನಲ್ಲಿ ಅದು ಪೂರ್ತಿ ಕಾಣುವುದೂ ಇಲ್ಲ. ತಿಳಿದವರಿಗಷ್ಟೇ ತಿಳಿಯುವ ಶೀರ್ಷಿಕೆ ಇಟ್ಟು, ಒಳಗೆ ಎಷ್ಟು ನಿಖರವಾಗಿ ಮಾತಾಡಿದರೂ ಕೇಳಲು ಯಾರೂ ಬರುವುದಿಲ್ಲ. ಈ ವಾದವನ್ನು ವ್ಯಾಪಾರದ ಮಾತೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಎದುರು ಮಾತಿನ ಬಲ ಇರುವುದು ವಿವರದಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಾವು ಕೆಇಎ ಎನ್ನುವ ಸಂಸ್ಥೆ, ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಸಿಇಟಿ ಮೂಲಕ ಹಂಚುತ್ತದೆ. ಇಲ್ಲಿ ‘ನೀಟ್ ಇಲ್ಲದೆ’ ನಿಜ. ಆದರೆ ಸೇನೆಯ ನರ್ಸಿಂಗ್ ಕಾಲೇಜುಗಳ ಬಿ.ಎಸ್ಸಿ.ಗೆ ನೀಟ್ ಅಂಕವನ್ನೇ ನೋಡುತ್ತಾರೆ. ಬಿ.ವಿ.ಎಸ್ಸಿ.ಯದು ಇನ್ನೂ ನಾಜೂಕಿನ ವಿಷಯ. ರಾಜ್ಯದ ಸೀಟಿಗೆ ಸಿಇಟಿ ರ‍್ಯಾಂಕ್ ಸಾಕು. ಶೇ. 15ರ ಅಖಿಲ ಭಾರತ ಕೋಟಾದ ಸೀಟನ್ನು ಭಾರತೀಯ ಪಶುವೈದ್ಯಕೀಯ ಪರಿಷತ್ತು ನೀಟ್ ಅಂಕದ ಮೇಲೆ ಕೊಡುತ್ತದೆ. ಪದವಿ ಒಂದೇ, ಬಾಗಿಲು ಎರಡು. ಬಿಎನ್‌ವೈಎಸ್ ಮತ್ತು ಬಿಎಎಂಎಸ್ ಎರಡನ್ನೂ ಜನ ‘ಆಯುಷ್ ಕೋರ್ಸು’ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ನಮ್ಮಲ್ಲಿ ಮೊದಲನೆಯದಕ್ಕೆ ಸಿಇಟಿ, ಎರಡನೆಯದಕ್ಕೆ ನೀಟ್. ಹೀಗಿರುವಾಗ ಶೀರ್ಷಿಕೆಯಲ್ಲಿ ‘ಆಯುಷ್ ಡಾಕ್ಟರ್, ನೀಟ್ ಬೇಡ’ ಎಂದು ಬರೆದರೆ ಬಿಎಎಂಎಸ್ ಆಸೆಯಿದ್ದ ಮನೆಯವರು ಅದನ್ನೇ ನಂಬುತ್ತಾರೆ. ಒಂಬತ್ತನೇ ನಿಮಿಷದ ತಿದ್ದುಪಡಿಯವರೆಗೆ ಎಲ್ಲರೂ ಕೂತಿರುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ದಿನಾಂಕದ್ದು. 2025ರಲ್ಲಿ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ. ಸಿಇಟಿ ನಡೆದದ್ದು ಅದೇ ತಿಂಗಳ 16 ಮತ್ತು 17ಕ್ಕೆ, ನೀಟ್ ಮೇ 4ಕ್ಕೆ. ಎರಡಕ್ಕೂ ಅರ್ಜಿ ಹಾಕುವ ಅವಧಿ ಫಲಿತಾಂಶಕ್ಕೆ ಮೊದಲೇ ಮುಗಿದಿತ್ತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್ ಅಂತೂ ಹಿಂದಿನ ಡಿಸೆಂಬರ್ 1ಕ್ಕೇ ಆಗಿಹೋಗಿತ್ತು. ಹಾಗಾಗಿ ‘ರಿಸಲ್ಟ್ ನಂತರ ಬರೆಯಬೇಕಾದ ಪರೀಕ್ಷೆಗಳು’ ಎಂಬ ಶೀರ್ಷಿಕೆಯಲ್ಲಿ ಪರೀಕ್ಷೆಗಳ ಹೆಸರು ಒಂದೂ ತಪ್ಪಿಲ್ಲದಿದ್ದರೂ ವಾಕ್ಯ ಸುಳ್ಳು. ಸಿಇಟಿಗೆ ಅರ್ಜಿಯನ್ನೇ ಹಾಕದವರಿಗೆ ಆ ವರ್ಷ ಆ ದಾರಿ ಮುಚ್ಚಿರುತ್ತದೆ. ಅವರಿಗೆ ಬೇಕಾದದ್ದು ಅಂಕದ ಮೇಲೆ ಸೀಟು ಕೊಡುವ ಕೋರ್ಸುಗಳ ಮಾಹಿತಿ, ಅಂದರೆ ಬಿ.ಎಸ್ಸಿ. ಪದವಿ ಮತ್ತು ಅಂಥವು. ಸಾಮಾನ್ಯ ಕಾಲೇಜಿನ ಬಿ.ಎಸ್ಸಿ. ಎಂದರೆ ಯಾರೂ ಒತ್ತುವುದಿಲ್ಲ ಎಂಬ ಭಯಕ್ಕೆ ಅದನ್ನು ಬಿಟ್ಟುಬಿಡುವ ವಿಡಿಯೊಗಳೇ ಹೆಚ್ಚು!

ಹಾಗಾದರೆ ಏನು ಬರೆಯುವುದು? ‘ನೀಟ್ ಇಲ್ಲದೆ’ ಎಂಬುದನ್ನು ಶೀರ್ಷಿಕೆಯಿಂದ ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ತೆಗೆಯಬೇಕಾದದ್ದು ಅದರ ಪಕ್ಕದ ‘ಮೆಡಿಕಲ್’, ‘ಡಾಕ್ಟರ್’ ಎಂಬ ಮಾತು. ಅವುಗಳ ಜಾಗದಲ್ಲಿ ಸಿಇಟಿಯ ಹೆಸರು ಬಂದರೆ ಹುಡುಕುವವನಿಗೂ ಸಿಗುತ್ತದೆ, ಸುಳ್ಳೂ ಆಗುವುದಿಲ್ಲ:

```
PUC PCB ನಂತರ: NEET ಇಲ್ಲದೆ KCET ಮೂಲಕ ಸಿಗುವ ಕೋರ್ಸ್‌ಗಳು
```

ಕೆಇಎ ತನ್ನ ಪ್ರಕಟಣೆಗಳಲ್ಲಿ UGCET ಎನ್ನುತ್ತದೆ, ಮಕ್ಕಳು ಹುಡುಕುವುದು KCET ಎಂದು. ಬಳಕೆಯ ಹೆಸರು ಶೀರ್ಷಿಕೆಯಲ್ಲಿರಲಿ, ಅಧಿಕೃತ ಹೆಸರು ವಿವರಣೆಯಲ್ಲಿ ಬರಲಿ. ಆ ವಿವರಣೆಯ ಮೊದಲ ಕೆಲವು ಸಾಲು ಮಾತ್ರ ಒತ್ತದೆಯೇ ಕಾಣುವುದರಿಂದ ಅಲ್ಲಿ ಚಾನೆಲ್ಲಿನ ಪರಿಚಯ, ಚಂದಾದಾರರಾಗಿ ಎಂಬ ಮನವಿ ಬೇಡ. ‘ಈ ವರ್ಷದ ಸಿಇಟಿ ಬರೆದವರಿಗೆ ಮಾತ್ರ ಅನ್ವಯ, ಬಿಎಎಂಎಸ್, ಬಿಎಚ್‌ಎಂಎಸ್‌ಗೆ ನೀಟ್ ಕಡ್ಡಾಯ’ ಎಂಬುದು ಅಲ್ಲೇ ಇರಬೇಕು. ಕೆಳಗೆ ಅಧ್ಯಾಯಗಳ ಪಟ್ಟಿ ಕೊಟ್ಟರೆ ಕೋರ್ಸಿನ ಪಕ್ಕದಲ್ಲೇ ಅದರ ಪರೀಕ್ಷೆ ಕಾಣುತ್ತದೆ:

```
00:00 ಈ ವಿಡಿಯೊ ಯಾರಿಗೆ
01:10 ಬಿ.ಎಸ್ಸಿ. ನರ್ಸಿಂಗ್: KCET
04:00 ಬಿ.ಫಾರ್ಮ್, ಬಿಎನ್‌ವೈಎಸ್: KCET
07:00 ಬಿ.ವಿ.ಎಸ್ಸಿ.: KCET, ಅಖಿಲ ಭಾರತ ಕೋಟಾಕ್ಕೆ NEET
09:30 ಬಿಎಎಂಎಸ್, ಬಿಎಚ್‌ಎಂಎಸ್: NEET ಕಡ್ಡಾಯ
```

ಪಟ್ಟಿ 00:00ರಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆಯಿರಬಾರದು. ಇಲ್ಲವಾದರೆ ಯೂಟ್ಯೂಬ್ ಅದನ್ನು ಅಧ್ಯಾಯವೆಂದು ಪರಿಗಣಿಸುವುದಿಲ್ಲ.

ಟ್ಯಾಗಿನ ವಿಷಯದಲ್ಲಿ ಇಷ್ಟು ಎಳೆದಾಡುವ ಅಗತ್ಯವೇ ಇಲ್ಲ. ಜೆಇಇ, ಕ್ಲ್ಯಾಟ್, ಕಾಮೆಡ್‌ಕೆ ಎಂದು ವಿಡಿಯೊದಲ್ಲಿಲ್ಲದ ಹೆಸರೆಲ್ಲ ತುಂಬುವವರಿದ್ದಾರೆ. ವಿಡಿಯೊ ಸಿಗುವಲ್ಲಿ ಟ್ಯಾಗಿನ ಪಾತ್ರ ಅತ್ಯಲ್ಪ, ಜನ ತಪ್ಪು ಕಾಗುಣಿತದಲ್ಲಿ ಹುಡುಕುವಾಗಲಷ್ಟೇ ಅದು ನೆರವಿಗೆ ಬರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ಅದೇ ಹೆಸರುಗಳ ರಾಶಿಯನ್ನು ವಿವರಣೆಯಲ್ಲಿ ಸುರಿದರಂತೂ ನಿಯಮಕ್ಕೇ ವಿರುದ್ಧ.

ಇಲ್ಲಿಯವರೆಗೆ ಎರಡೂ ಕಡೆಯವರು ಒಪ್ಪಿಯಾರು. ಒಪ್ಪಂದ ಮುರಿಯುವುದು ಇಸವಿಯ ಬಳಿ. ಶೀರ್ಷಿಕೆಯಲ್ಲಿ 2025 ಇದ್ದರೆ ಆ ವರ್ಷ ವಿಡಿಯೊ ಮೇಲೇಳುತ್ತದೆ, ಮುಂದಿನ ವರ್ಷ ಹಳತಾಗಿ ಕಾಣುತ್ತದೆ. ಇಸವಿ ಬಿಟ್ಟರೆ ವಿಡಿಯೊ ಬಹುಕಾಲ ಬಾಳುತ್ತದೆ, ಆದರೆ ನಿಯಮ ಬದಲಾದ ಮೇಲೂ ಹೊಸದೆಂಬಂತೆ ಕಣ್ಣಿಗೆ ಬೀಳುತ್ತದೆ. ಸಿಇಟಿ ವ್ಯಾಪ್ತಿಗೆ ಬರುವ ಕೋರ್ಸುಗಳ ಪಟ್ಟಿಯೇ ಕೆಲವು ವರ್ಷಗಳಲ್ಲಿ ಹಿಗ್ಗಿದೆ, ನರ್ಸಿಂಗ್ ಸೇರಿದ್ದೂ ಈಚೆಗೇ. ಆದ್ದರಿಂದ ನಾನು ಇಸವಿಯ ಪರ. ಹಳೆಯ ವಿಡಿಯೊದ 2025 ಅಳಿಸಿ 2026 ಎಂದು ತಿದ್ದಿ, ಮತ್ತೆ ಜನರನ್ನು ಸೆಳೆಯುವ ಚಾಳಿಯನ್ನು ಮಾತ್ರ ಯಾವ ಕಾರಣಕ್ಕೂ ಸಮರ್ಥಿಸಲಾರೆ. ಹಾಕಿದ ಮೇಲೆ ಅದೇ ಕೊಂಡಿಯಲ್ಲಿ ವಿಡಿಯೊವನ್ನು ಬದಲಿಸಲು ಯೂಟ್ಯೂಬ್ ಬಿಡುವುದಿಲ್ಲ. ಶೀರ್ಷಿಕೆ ಹೊಸದಾದರೂ ಒಳಗೆ ಹೇಳುವ ದಿನಾಂಕ ಹಳೆಯದೇ. ಹೊಸ ವಿಡಿಯೊ ಮಾಡಿ, ಅದರ ಕೊಂಡಿಯನ್ನು ಹಳೆಯದರ ವಿವರಣೆಯ ಮೊದಲ ಸಾಲಿನಲ್ಲಿ ಹಾಕುವುದು ಎರಡು ನಿಮಿಷದ ಕೆಲಸ.