ಬಾಕ್ಸ್ ಆರ್ಡರ್ ಕೊಡುವ ಮೊದಲು ಪ್ಯಾಲೆಟ್ ಅಳೆಯಿರಿ

ಕೊಪ್ಪಳ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯ ಗೋದಾಮಿನಲ್ಲಿ ನಾವು ಒಂದು ಜಗಳ ನೋಡಿದೆವು. ಬೆಂಗಳೂರಿಗೆ ಹೋದ ದಾಳಿಂಬೆ ಲೋಡಿನಲ್ಲಿ ಕೆಳಗಿನ ಎರಡು ಸಾಲಿನ ರಟ್ಟಿನ ಬಾಕ್ಸ್‌ಗಳು ಕುಸಿದು, ಹಣ್ಣು ಜಜ್ಜಿ ಹೋಗಿತ್ತು. ಖರೀದಿದಾರರು ಬಿಲ್ಲಿನಲ್ಲಿ ಆ ದುಡ್ಡು ಮುರಿದುಕೊಂಡರು. ಕಂಪನಿಯವರು ಅದನ್ನು ಲಾರಿ ಬಾಡಿಗೆಯಲ್ಲಿ ಅಷ್ಟು, ಹಮಾಲರ ಕೂಲಿಯಲ್ಲಿ ಇಷ್ಟು ಅಂತ ಹಿಡಿದರು. "ಗ್ವಾಡಿ ಕಟ್ಟಿದಂಗ ಕಟ್ಟೀವ್ರೀ ಸರ, ಮತ್ತೂ ಕುಸೀತಂದ್ರ ನಾವೇನ್ ಮಾಡೂದು?" ಅಂತ ಹಿರಿಯ ಹಮಾಲರೊಬ್ಬರು ನಮ್ಮನ್ನೇ ಕೇಳಿದರು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಈ ನಷ್ಟಕ್ಕೆ ಹಮಾಲರೂ ಕಾರಣರಲ್ಲ, ಡ್ರೈವರೂ ಕಾರಣರಲ್ಲ. ಬಾಕ್ಸ್ ಆರ್ಡರ್ ಕೊಟ್ಟ ದಿನವೇ ಆ ನಷ್ಟ ನಿಗದಿಯಾಗಿತ್ತು.

ಗೋದಾಮಿನಲ್ಲಿ ಟೇಪ್ ಹಿಡಿದು ಅಳೆದೆವು. ಅವರ ಬಾಕ್ಸ್ ಹೊರಗಿನ ಅಳತೆಯಲ್ಲಿ 46 ಸೆಂ.ಮೀ ಉದ್ದ, 32 ಸೆಂ.ಮೀ ಅಗಲ. ಒಂದರಲ್ಲಿ 10 ಕೆ.ಜಿ ಹಣ್ಣು. ಮರದ ಪ್ಯಾಲೆಟ್ 120 ಸೆಂ.ಮೀ ಉದ್ದ, 100 ಸೆಂ.ಮೀ ಅಗಲ. ನಮ್ಮ ದೇಶದ ಗೋದಾಮುಗಳಲ್ಲಿ ಹೆಚ್ಚಾಗಿ ಕಾಣುವ ಅಳತೆ ಇದೇ. ಈ ಪ್ಯಾಲೆಟ್ ಮೇಲೆ ಆ ಬಾಕ್ಸ್‌ಗಳನ್ನು ಹೇಗೆ ತಿರುಗಿಸಿ ಇಟ್ಟರೂ ಒಂದು ಸಾಲಿಗೆ ಏಳೇ ಹಿಡಿಯುತ್ತವೆ. ಎಂಟನೆಯದನ್ನು ಇಡಬೇಕೆಂದರೆ ಉದ್ದದ ಕಡೆ 46, 46, 32 ಸೇರಿ 124 ಸೆಂ.ಮೀ ಆಗುತ್ತದೆ. ಪ್ಯಾಲೆಟ್ ಇರುವುದು 120. ಜಾಗ ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎಂಟು ಇಟ್ಟರು, ಎರಡು ಕಡೆಯೂ ಎರಡೆರಡು ಸೆಂ.ಮೀ ಹೊರಗೆ ಚಾಚಿತು.

ಎರಡು ಸೆಂ.ಮೀ ಎಂದರೆ ಏನು ಮಹಾ ಅನ್ನಿಸಬಹುದು. ಆದರೆ ರಟ್ಟಿನ ಬಾಕ್ಸ್ ಭಾರ ಹೊರುವುದು ಮುಚ್ಚಳದಿಂದಲ್ಲ, ಮೂಲೆಗಳಿಂದ. ಮೇಲಿನ ಭಾರದ ಹೆಚ್ಚಿನ ಪಾಲನ್ನು ನಾಲ್ಕು ಮೂಲೆಗಳೇ ತಡೆದುಕೊಳ್ಳುತ್ತವೆ, ಮನೆಯ ಕಂಬಗಳ ಹಾಗೆ. ಬಾಕ್ಸ್ ಪ್ಯಾಲೆಟ್‌ನಿಂದ ಹೊರಗೆ ಚಾಚಿದರೆ ಆ ಬದಿಯ ಎರಡು ಕಂಬಗಳ ಕೆಳಗೆ ನೆಲವೇ ಇರುವುದಿಲ್ಲ. ಇಷ್ಟು ಚಾಚಿದರೆ ಬಾಕ್ಸಿನ ತಾಕತ್ತಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೋಗುತ್ತದೆ.

ಇನ್ನು ಹಮಾಲರು ಹೇಳಿದ ಗೋಡೆಯ ಮಾತು. ಇಟ್ಟಿಗೆ ಗೋಡೆಯಲ್ಲಿ ಒಂದು ಸಾಲಿನ ಸಂದಿಯ ಮೇಲೆ ಮುಂದಿನ ಸಾಲಿನ ಇಟ್ಟಿಗೆ ಕೂರುತ್ತದೆ. ಅವರೂ ಹಾಗೆಯೇ ಸಾಲು ಸಾಲಿಗೆ ದಿಕ್ಕು ಬದಲಿಸಿ ಹೆಣೆದಿದ್ದರು. ಇಟ್ಟಿಗೆಗೆ ಅದು ಸರಿ, ಯಾಕೆಂದರೆ ಇಟ್ಟಿಗೆ ಒಳಗೂ ಗಟ್ಟಿ. ರಟ್ಟಿನ ಬಾಕ್ಸ್ ಹಾಗಲ್ಲ. ಹೆಣೆದಾಗ ಮೇಲಿನ ಬಾಕ್ಸಿನ ಮೂಲೆ ಕೆಳಗಿನ ಬಾಕ್ಸಿನ ಮೂಲೆ ಮೇಲೆ ಬರದೆ, ನಡುವಿನ ಮೆತ್ತನೆ ಜಾಗದ ಮೇಲೆ ಕೂರುತ್ತದೆ. ಇದರಿಂದ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೆಣೆದ ಲೋಡ್ ಪಕ್ಕಕ್ಕೆ ಜಾರುವುದು ಕಡಿಮೆ, ಅದು ನಿಜ. ಆದರೆ ಕೆಳಗಿನ ಬಾಕ್ಸ್ ಕುಸಿದ ಮೇಲೆ ಆ ಹೆಣಿಗೆಯಿಂದ ಏನು ಪ್ರಯೋಜನ?

ಒಂದು ಲೆಕ್ಕ ಹಾಕೋಣ. ಎಂಟು ಸಾಲು ಎತ್ತರಕ್ಕೆ ಪೇರಿಸಿದರೆ ತಳದ ಬಾಕ್ಸ್ ಮೇಲೆ ಏಳು ಬಾಕ್ಸ್, ಅಂದರೆ 70 ಕೆ.ಜಿ. ಬಾಕ್ಸ್ ತಯಾರಕರ ಒತ್ತಡ ಪರೀಕ್ಷೆಯಲ್ಲಿ ಅದು 300 ಕೆ.ಜಿ ತಡೆದಿದೆ ಎಂದುಕೊಳ್ಳಿ. ಹೆಣೆದಿದ್ದಕ್ಕೆ ಅರ್ಧ ಹೋಗಿ 150. ಹೊರಗೆ ಚಾಚಿದ್ದಕ್ಕೆ ಇನ್ನೊಂದು ಪಾಲು ಹೋಗಿ 100. ಕೋಲ್ಡ್ ಸ್ಟೋರೇಜಿನ ತೇವಕ್ಕೆ ರಟ್ಟು ಮೆತ್ತಗಾಗಿ ಅದರಲ್ಲೂ ಸುಮಾರು ಅರ್ಧ ಹೋದರೆ ಉಳಿಯುವುದು 50. ಹೊರಬೇಕಾದದ್ದು 70. ರಸ್ತೆಯ ಹಂಪು, ಗುಂಡಿಗಳ ಲೆಕ್ಕ ಇನ್ನೂ ಸೇರಿಸಿಯೇ ಇಲ್ಲ. ಇದು ಅಂದಾಜಿನ ಲೆಕ್ಕ, ಆದರೆ ಬಾಕ್ಸ್ ಯಾಕೆ ಕುಸಿಯಿತು ಎನ್ನಲು ಸಾಕು. ಅದೇ ಬಾಕ್ಸನ್ನು ಪ್ಯಾಲೆಟ್ ಒಳಗೇ, ಮೂಲೆ ಮೇಲೆ ಮೂಲೆ ಬರುವಂತೆ ಇಟ್ಟಿದ್ದರೆ ತೇವದ ಪಾಲು ಕಳೆದ ಮೇಲೂ 150 ಉಳಿಯುತ್ತಿತ್ತು.

ಪರಿಹಾರಕ್ಕೆ ದಪ್ಪ ರಟ್ಟು ಬೇಕಿಲ್ಲ. ಬಾಕ್ಸಿನ ಅಳತೆಯನ್ನು 49.5 ಸೆಂ.ಮೀ ಉದ್ದ, 29.5 ಸೆಂ.ಮೀ ಅಗಲ ಮಾಡಿದರೆ ಸಾಕು. ತಳದ ವಿಸ್ತೀರ್ಣ ಹಳೆಯ ಬಾಕ್ಸಿನಷ್ಟೇ, ಎತ್ತರ ಬದಲಿಸಬೇಕಿಲ್ಲ, ಹಣ್ಣು ಅಷ್ಟೇ ಹಿಡಿಯುತ್ತದೆ. ಈಗ ಪ್ಯಾಲೆಟ್ಟಿನ ಉದ್ದಕ್ಕೆ ನಾಲ್ಕು ಬಾಕ್ಸ್, 118 ಸೆಂ.ಮೀ. ಅಗಲಕ್ಕೆ ಎರಡು, 99 ಸೆಂ.ಮೀ. ಒಟ್ಟು ಎಂಟೇ ಬಾಕ್ಸ್, ಒಂದೂ ಹೊರಗೆ ಚಾಚುವುದಿಲ್ಲ, ಎಲ್ಲ ಸಾಲೂ ಒಂದೇ ದಿಕ್ಕಿನಲ್ಲಿ ನೇರ ನಿಲ್ಲುತ್ತವೆ. ಪೂರ್ತಿ 50 ಮತ್ತು 30 ಯಾಕೆ ಬೇಡ ಎಂದರೆ, ಹಣ್ಣು ತುಂಬಿದ ಮೇಲೆ ಬಾಕ್ಸ್ ಸ್ವಲ್ಪ ಉಬ್ಬುತ್ತದೆ. ಆ ಉಬ್ಬಿಗೆ ಜಾಗ ಬೇಕು.

ಹೀಗೆ ನೇರ ಪೇರಿಸಿದ್ದಕ್ಕೆ ಒಂದು ದೌರ್ಬಲ್ಯ ಇದೆ. ಒಂದೊಂದು ಕಂಬವೂ ಬೇರೆ ಬೇರೆ ನಿಂತಿರುವುದರಿಂದ ಲಾರಿ ತಿರುವಿನಲ್ಲಿ ಅವು ವಾಲಬಹುದು. ಅದಕ್ಕೆ ಲೋಡಿನ ನಾಲ್ಕು ಮೂಲೆಗೂ ತಳದಿಂದ ಮೇಲಿನವರೆಗೆ ರಟ್ಟಿನ ಗಟ್ಟಿ ಕೋನಪಟ್ಟಿ ನಿಲ್ಲಿಸಿ, ಸುತ್ತಲೂ ಪ್ಲಾಸ್ಟಿಕ್ ಪಟ್ಟಿಯಿಂದ ಎರಡು ಮೂರು ಕಡೆ ಬಿಗಿಯಬೇಕು. ಕೋನಪಟ್ಟಿ ಇಲ್ಲದೆ ಪಟ್ಟಿ ಬಿಗಿದರೆ ಅದೇ ಬಾಕ್ಸಿನ ಅಂಚನ್ನು ಕೊಯ್ಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಸುತ್ತುವುದು ಹಣ್ಣಿಗೆ ಬೇಡ, ಗಾಳಿ ತೂತುಗಳು ಮುಚ್ಚಿ ಒಳಗೆ ಬಿಸಿ ಮತ್ತು ಬೆವರು ನಿಲ್ಲುತ್ತದೆ.

ಮುರಿದ ಮಾಲು ಎಲ್ಲಿ ಮುರಿದಿದೆ ಎಂದು ನೋಡಿದರೆ ತಪ್ಪು ಎಲ್ಲಿಯದು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ತಳದ ಸಾಲಿನ ಹೊರಗಿನ ಬದಿ ಮಾತ್ರ ಕುಸಿದಿದ್ದರೆ ಬಾಕ್ಸ್ ಚಾಚಿತ್ತು. ತಳದ ಒಳಗಿನ ಬಾಕ್ಸ್‌ಗಳೂ ನಡುವೆ ತಗ್ಗಿದ್ದರೆ ಹೆಣಿಗೆಯ ತಪ್ಪು, ಇಲ್ಲವೇ ಎತ್ತರ ಜಾಸ್ತಿ. ಬಾಕ್ಸ್ ಗಟ್ಟಿ ಇದ್ದು ಲೋಡ್ ಮಾತ್ರ ವಾಲಿದ್ದರೆ ಕಟ್ಟು ಸಡಿಲ. ಆದ್ದರಿಂದ ಖರೀದಿದಾರರು ನಷ್ಟ ಎಂದಾಗ, ಲೋಡ್ ಬಿಚ್ಚುವ ಮೊದಲೇ ನಾಲ್ಕೂ ಕಡೆಯ ಫೋಟೊ ಕೇಳಿ. ಫೋಟೊ ನೋಡದೆ ಯಾರ ಕೂಲಿಯನ್ನೂ ಮುರಿಯಬೇಡಿ.

ಎಲ್ಲರಿಗೂ ಪ್ಯಾಲೆಟ್ ಬೇಕು ಎಂದು ನಾವು ಹೇಳುತ್ತಿಲ್ಲ. ಹತ್ತಿರದ ಮಾರ್ಕೆಟ್ಟಿಗೆ ಹೋಗುವ ಕ್ರೇಟಿನ ಮಾಲಿಗೆ ಅದು ದಂಡ. ಪ್ಯಾಲೆಟ್ ಲಾರಿಯಲ್ಲಿ ಜಾಗವನ್ನೂ ತಿನ್ನುತ್ತದೆ. ಆದರೆ ಕೋಲ್ಡ್ ಸ್ಟೋರೇಜ್ ಹಾದು ದೂರ ಹೋಗುವ ಮಾಲಿಗೆ, ಪ್ರತಿ ಬಾಕ್ಸನ್ನೂ ನಾಲ್ಕಾರು ಸಲ ಕೈಯಲ್ಲಿ ಎತ್ತಿ ಇಳಿಸುವ ಪೆಟ್ಟು ತಪ್ಪಬೇಕಾದರೆ ಪ್ಯಾಲೆಟ್ ಬೇಕೇ ಬೇಕು.

ಹಾಗಾಗಿ ನಿರ್ದೇಶಕರಿಗೆ ನಮ್ಮ ಮಾತು ಇಷ್ಟೇ. ಮುಂದಿನ ಹಂಗಾಮಿಗೆ ಬಾಕ್ಸ್ ಆರ್ಡರ್ ಕೊಡುವ ಮೊದಲು ಖರೀದಿದಾರರಿಗೆ ಫೋನ್ ಮಾಡಿ ಅವರ ಪ್ಯಾಲೆಟ್ ಅಳತೆ ಕೇಳಿ. ಸೀಮೆಸುಣ್ಣದಲ್ಲಿ ಅಷ್ಟೇ ಅಳತೆಯ ಚೌಕ ಗೋದಾಮಿನ ನೆಲದ ಮೇಲೆ ಬರೆಯಿರಿ. ತಯಾರಕರಿಂದ ಒಂದು ಸಾಲಿಗಾಗುವಷ್ಟು ಸ್ಯಾಂಪಲ್ ಬಾಕ್ಸ್ ತರಿಸಿ, ಹಣ್ಣು ತುಂಬಿ, ಹಮಾಲರ ಕೈಯಲ್ಲೇ ಅದರೊಳಗೆ ಇಡಿಸಿ ನೋಡಿ. ಒಂದೇ ಒಂದು ಮೂಲೆ ಗೆರೆ ದಾಟಿದರೂ ಆ ಅಳತೆಗೆ ಆರ್ಡರ್ ಕೊಡಬೇಡಿ.