ಪಿಲ್ಲರಿನ ಗೂಡಿಗೆ ಗಾರೆ ಬಳಿದು ಮುಚ್ಚಬೇಡಿ



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಕಟ್ಟುವಲ್ಲಿ ಪಿಲ್ಲರಿನ ಹಲಗೆ ಬಿಚ್ಚಿದಾಗ ಬುಡದಲ್ಲಿ ಬರೀ ಜಲ್ಲಿ ಕಾಣುವ ಜೇನುಗೂಡಿನಂಥ ತೂತುಗಳನ್ನು ನೋಡಿದ್ದೇನೆ. ಮಾಲೀಕರು ಬರುವ ಮೊದಲೇ ಕೆಲಸದವರು ಅವಕ್ಕೆ ಗಾರೆ ಮೆತ್ತಿಬಿಡುತ್ತಾರೆ.

ಹತ್ತಡಿ ಎತ್ತರದಿಂದ ಒಂದೇ ಸಲ ಕಾಂಕ್ರೀಟ್ ಸುರಿದರೆ ಜಲ್ಲಿ ಬೇರೆ, ಸಿಮೆಂಟಿನ ಹಾಲು ಬೇರೆಯಾಗುತ್ತದೆ. ಹಲಗೆಯ ಸಂದಿಯಲ್ಲಿ ಹಾಲು ಸೋರಿದರಂತೂ ಬುಡ ಟೊಳ್ಳು. ಕಬ್ಬಿಣದ ಸರಳಿನಿಂದ ಕುಟ್ಟಿದರೆ ಒತ್ತೊತ್ತಾದ ಕಂಬಿಗಳ ನಡುವಿನ ಗಾಳಿ ಪೂರ್ತಿ ಹೋಗುವುದಿಲ್ಲ. ಕಾಂಕ್ರೀಟನ್ನು ಐದಡಿಗಿಂತ ಎತ್ತರದಿಂದ ಬೀಳಿಸದೆ, ಒಂದೊಂದು ಅಡಿಯಷ್ಟು ತುಂಬುತ್ತಾ ಹೋಗಬೇಕು. ಪ್ರತಿ ಪದರಕ್ಕೂ ವೈಬ್ರೇಟರಿನ ಸೂಜಿಯನ್ನು ನೆಟ್ಟಗೆ, ಕೆಳಗಿನ ಪದರಕ್ಕೆ ನಾಲ್ಕು ಇಂಚು ಇಳಿಯುವಂತೆ ಬಿಡಬೇಕು. ಗುಳ್ಳೆ ಏಳುವುದು ನಿಂತು ಮೇಲೆ ಹಾಲು ಮಿನುಗಿದೊಡನೆ ನಿಧಾನವಾಗಿ ಎತ್ತಬೇಕು. ಇದಕ್ಕೆ ಸಾಮಾನ್ಯವಾಗಿ 5ರಿಂದ 15 ಸೆಕೆಂಡು ಸಾಕು. ಅತಿಯಾಗಿ ಆಡಿಸಿದರೆ ಜಲ್ಲಿ ತಳ ಸೇರುತ್ತದೆ.

ತೂತು ಬಿದ್ದರೆ ಸುತ್ತಿಗೆಯಿಂದ ತಟ್ಟಿ ನೋಡಿ. ಕಂಬಿ ಕಾಣದೆ ಮೇಲ್ಮೈಗಷ್ಟೇ ಸೀಮಿತವಾಗಿದ್ದರೆ ಸಡಿಲ ಜಲ್ಲಿ ಕಿತ್ತು ಒಳ್ಳೆಯ ರಿಪೇರಿ ಗಾರೆ ತುಂಬಿದರೆ ಸಾಕು. ಕಂಬಿ ಕಂಡರೆ ಅಥವಾ ಟೊಳ್ಳು ಸದ್ದು ಬಂದರೆ ಭಾರ ಹೊರುವ ಶಕ್ತಿ ಕುಗ್ಗಿದೆ. ತೇವ ಹೊಕ್ಕು ಕಂಬಿಗೆ ತುಕ್ಕೂ ಹಿಡಿಯುತ್ತದೆ. ಆಗ ಎಂಜಿನಿಯರ್ ನೋಡುವವರೆಗೆ ಮೇಲಿನ ಕೆಲಸ ನಿಲ್ಲಿಸಬೇಕು.

ಮನೆ ಕಟ್ಟಿಸುವವರು ವೈಬ್ರೇಟರ್ ಬಾಡಿಗೆಯನ್ನು ಒಪ್ಪಂದದಲ್ಲೇ ಬರೆಸಿ, ಹಲಗೆ ಬಿಚ್ಚುವಾಗ ಎದುರಿಗೇ ನಿಲ್ಲಿರಿ.

– ಓದುಗ, ತರೀಕೆರೆ